ಚಾರ್ಟ್‌ಗೆ ಐದಕ್ಕೆ ಐದು, ಕಸ ತೂಗಿದ ಹುಡುಗಿಗೆ ಎರಡು

ಸ್ವಲ್ಪ ಉದ್ದ ಇದೆ, ಸಮಾಧಾನದಿಂದ ಓದಿ. ಪಠ್ಯಪುಸ್ತಕದಲ್ಲಿ ಯಾವ ಪಾಠ ಸೇರಿಸಿದ್ರು, ಯಾವುದನ್ನ ತೆಗೆದ್ರು ಅಂತ ನಾವು ಬೀದಿಗಿಳೀತೀವಿ, ಇಳೀಲೇಬೇಕು. ಆದ್ರೆ ಪಾಠ ಮುಗಿದ ಮೇಲೆ ಮೇಷ್ಟ್ರ ಕೈಲಿ ಒಂದು ಹಾಳೆ ಇರುತ್ತಲ್ಲ, ಅಂಕ ಹಾಕೋ ಹಾಳೆ, ಅದನ್ನ ನಮ್ಮಲ್ಲಿ ಯಾರೂ ಕೇಳಿ ನೋಡಲ್ಲ. ಟ್ರೈನಿಂಗ್‌ನಲ್ಲಿ ಅದಕ್ಕೆ ರೂಬ್ರಿಕ್ಸ್ ಅಂತಾರೆ. ಯಾವ ಗುಣಕ್ಕೆ ಎಷ್ಟು ಅಂಕ, ಯಾವ ಮಟ್ಟ ಮುಟ್ಟಿದ್ರೆ ಎಷ್ಟು ಅಂತ ಮೊದಲೇ ಬರೆದಿಟ್ಟ ಪಟ್ಟಿ. ಇವತ್ತಿನ ಮಾತು ಆ ಹಾಳೆ ಬಗ್ಗೆ.

ಐದನೇ ಕ್ಲಾಸ್ ತನಕ ನಮ್ಮ ಮಕ್ಕಳಿಗೆ ಪರಿಸರ ಅಧ್ಯಯನ ಅಂತ ಒಂದೇ ವಿಷಯ. ಆರನೇ ಕ್ಲಾಸಿಂದ ಅದು ವಿಜ್ಞಾನ, ಸಮಾಜ ವಿಜ್ಞಾನ ಅಂತ ಒಡೆಯುತ್ತೆ. ನೀರು, ಕಸ, ಕೆರೆ, ಮರದ ಲೆಕ್ಕ ಇವೆಲ್ಲ ಗುಂಪು ಪ್ರಾಜೆಕ್ಟ್ ಆಗಿ ಎರಡರ ನಡುವೆ ಉಳ್ಕೊಳ್ತವೆ. ಮಕ್ಕಳು ನಾಲ್ಕೈದು ಜನ ಸೇರಿ ಮಾಡ್ತಾರೆ, ಕ್ಲಾಸ್ ಮುಂದೆ ನಿಂತು ಹೇಳ್ತಾರೆ, ಮೇಷ್ಟ್ರು ರೂಪಣಾತ್ಮಕ ಮೌಲ್ಯಮಾಪನದಲ್ಲಿ ಅಂಕ ಹಾಕ್ತಾರೆ. ಪುಸ್ತಕದ ಹೊರಗೆ, ಮಗು ತಾನು ಬದುಕೋ ಬೀದಿಯಿಂದ ಕಲಿತು ಬಂದದ್ದಕ್ಕೆ ಅಂಕ ಸಿಗೋ ಜಾಗ ಇದೊಂದೇ. ಅದಕ್ಕೇ ಇಲ್ಲಿ ಏನಾಗ್ತಿದೆ ಅಂತ ನಮಗೆ ಗೊತ್ತಿರಬೇಕು.

ನಮ್ಮ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ಏಳನೇ ಕ್ಲಾಸಿನ ಹಾಳೆ ನನ್ನ ಕೈಗೆ ಬಂತು. ಶಾಲೆ ಹೆಸರು ಬೇಡ, ಇಂಥ ಹಾಳೆ ಎಲ್ಲ ಕಡೆನೂ ಇದೆ. ಒಟ್ಟು 20 ಅಂಕ, ನಾಲ್ಕು ಸಾಲು. ವಿಷಯ 5. ಚಾರ್ಟ್ ಅಥವಾ ಮಾದರಿಯ ಅಚ್ಚುಕಟ್ಟುತನ 5. ನಿರರ್ಗಳ ಮಾತು, ಶುದ್ಧ ಉಚ್ಚಾರಣೆ 5. ಸಹಕಾರ 5. ಮಾತಿನ ಅಂಕ ಒಬ್ಬೊಬ್ಬರಿಗೆ ಬೇರೆ, ಉಳಿದ ಮೂರು ಇಡೀ ಗುಂಪಿಗೆ ಒಂದೇ. ಎಷ್ಟಕ್ಕೆ ಎಷ್ಟು ಅನ್ನೋದಕ್ಕೆ ವಿವರಣೆ ಒಂದೇ ಸಾಲು: ‘ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಪರವಾಗಿಲ್ಲ, ಸುಧಾರಿಸಬೇಕು.’

ವಿಷಯ ‘ನಮ್ಮ ಬೀದಿಯ ಕಸ’. ಎರಡು ಗುಂಪಿನ ಕತೆ ಕೇಳಿ.

ಮೊದಲ ಗುಂಪು ಥರ್ಮಾಕೋಲಿನಲ್ಲಿ ಭೂಮಿ ಮಾಡ್ಕೊಂಡು ಬಂತು. ನೀಲಿ, ಹಸಿರು ಬಣ್ಣ, ಸುತ್ತ ಮಿರಿಮಿರಿ ಕಾಗದ, ಕೆಳಗೆ ‘ಭೂಮಿ ಉಳಿಸಿ’. ಅಪ್ಪನ ಅಂಗಡಿಯ ಪ್ರಿಂಟರ್‌ನಲ್ಲಿ ತೆಗೆದ ಬಣ್ಣದ ಚಿತ್ರಗಳು. ಒಬ್ಬ ಹುಡುಗ ನಿಂತು ಪ್ಲಾಸ್ಟಿಕ್ ಕೊಳೆಯೋಕೆ ನೂರಾರು ವರ್ಷ ಬೇಕು ಅಂತ ತಡವರಿಸದೆ ಒಪ್ಪಿಸಿದ. ವಿಷಯಕ್ಕೆ 4, ಮಾದರಿಗೆ 5, ಮಾತಿಗೆ 5, ಸಹಕಾರಕ್ಕೆ 5. ಇಪ್ಪತ್ತಕ್ಕೆ 19. ಅಲಂಕಾರಕ್ಕೆ ಥರ್ಮಾಕೋಲ್ ಬಳಸೋದನ್ನ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಮಾಡಿದ್ದಾರೆ. ಕಸದ ಪ್ರಾಜೆಕ್ಟ್‌ಗೆ ನಿಷೇಧಿತ ಕಸವನ್ನೇ ತಂದವರಿಗೆ ಪೂರ್ತಿ ಐದು! ಆ ಹಾಳೆಯಲ್ಲಿ ಇದನ್ನ ಹಿಡಿಯೋ ಸಾಲೇ ಇಲ್ಲ.

ಎರಡನೇ ಗುಂಪಿನಲ್ಲಿ ಐದು ಮಕ್ಕಳು. ಅದರಲ್ಲಿ ಒಬ್ಬಳು ಪೌರಕಾರ್ಮಿಕರ ಮಗಳು. ಅವಳೂ, ಅವಳ ಕೇರಿಯ ಇನ್ನೊಬ್ಬ ಹುಡುಗನೂ ಏಳು ದಿನ ಬೆಳಿಗ್ಗೆ ಕಸದ ಆಟೋ ಜೊತೆ ಹೋಗಿದ್ದಾರೆ. ಕೊಕ್ಕೆಗೆ ನೇತು ಹಾಕಿ ತೂಗೋ ಸ್ಪ್ರಿಂಗ್ ತಕ್ಕಡಿ ಹಿಡ್ಕೊಂಡು, ಹತ್ತು ಮನೆಯ ಕಸವನ್ನ ಚೀಲ ಬಿಚ್ಚದೆ ಬಾಗಿಲಲ್ಲೇ ತೂಗಿ ಬರ್ಕೊಂಡಿದ್ದಾರೆ. ಬುಧವಾರ 12 ಕೆ.ಜಿ., ಗುರುವಾರ 11, ಶುಕ್ರವಾರ 13, ಶನಿವಾರ 12, ಭಾನುವಾರ ಸೊನ್ನೆ, ಸೋಮವಾರ 23, ಮಂಗಳವಾರ 13. ಒಟ್ಟು 84 ಕೆ.ಜಿ. ಅಂದ್ರೆ ಮನೆಗೆ ದಿನಕ್ಕೆ ಸುಮಾರು 1.2 ಕೆ.ಜಿ. ಹತ್ತು ಮನೆಯಲ್ಲಿ ಮೂರೇ ಮನೆಯವರು ಹಸಿ, ಒಣ ಬೇರೆ ಮಾಡಿ ಕೊಡ್ತಾರೆ. ಏಳು ಮನೆಯವರು ಎಲ್ಲಾ ಒಂದೇ ಚೀಲಕ್ಕೆ ಸುರೀತಾರೆ.

ಇವರ ಚಾರ್ಟ್ ಹಳೇ ಕ್ಯಾಲೆಂಡರಿನ ಹಿಂಬದಿ. ಸ್ಕೆಚ್ ಪೆನ್ನಿನಲ್ಲಿ ಎಳೆದ ಒಂದು ಕೋಷ್ಟಕ. ಅಂಕ 2. ವಿಷಯಕ್ಕೆ 3, ಯಾಕಂದ್ರೆ ‘ತ್ಯಾಜ್ಯದ ವ್ಯಾಖ್ಯೆ’ ಬರೆದಿರಲಿಲ್ಲ. ಸಹಕಾರಕ್ಕೆ 4. ಹುಡುಗಿ ಮನೆಮಾತಿನಲ್ಲೇ ‘ಐತೆ’, ‘ತೂಗಿದ್ವಿ’ ಅಂತ ಹೇಳಿದ್ಲು, ನಡುವೆ ನಿಂತು ಯೋಚನೆ ಮಾಡಿದ್ಲು. ಮಾತಿಗೆ 2. ಒಟ್ಟು 11.

ಒಬ್ಬ ಮೇಷ್ಟ್ರ ಮನಸ್ಸು ಕೆಟ್ಟದ್ದು ಅಂತ ಇದನ್ನ ತಳ್ಳಿಹಾಕಬೇಡಿ. ಆ ಮೇಷ್ಟ್ರ ಬಗ್ಗೆ ನಂಗೇನೂ ದೂರಿಲ್ಲ. ನಮ್ಮವರೇ ಮೇಷ್ಟ್ರಾಗಿ ಅದೇ ಹಾಳೆ ಹಿಡಿದು ಕೂತ್ರೂ ಅದೇ 19, ಅದೇ 11 ಬರುತ್ತೆ. ಅಂಕ ಯಾವ ಕಡೆ ಹರೀಬೇಕು ಅಂತ ಹಾಳೆಯೇ ಕಾಲುವೆ ತೋಡಿಟ್ಟಿದೆ.

ಒಂದೊಂದು ಸಾಲೂ ಏನನ್ನ ಅಳೀತಿದೆ ಅಂತ ಕೇಳ್ಕೊಳ್ಳಿ. ಅಚ್ಚುಕಟ್ಟುತನದ ಐದು ಅಂಕ ಮನೆಯಲ್ಲಿ ದುಡ್ಡೆಷ್ಟಿದೆ, ಟೇಬಲ್ ಇದೆಯಾ, ಮಗು ಪರವಾಗಿ ಕೂತು ಅಂಟಿಸೋ ದೊಡ್ಡವರಿದ್ದಾರಾ ಅನ್ನೋದನ್ನ ಅಳೆಯುತ್ತೆ. ಶುದ್ಧ ಉಚ್ಚಾರಣೆಯ ಐದು ಅಂಕ ಮನೆಯಲ್ಲಿ ಯಾರ ಕನ್ನಡ ಆಡ್ತಾರೆ ಅನ್ನೋದನ್ನ ಅಳೆಯುತ್ತೆ. ‘ಶುದ್ಧ’ ಅನ್ನೋ ಪದ ಕೇಳಿದ್ರೇನೇ ನಮಗೆ ಮೈ ಉರಿಯುತ್ತೆ, ಅದನ್ನ ಪರಿಸರದ ಪ್ರಾಜೆಕ್ಟ್‌ಗೂ ತಂದು ಕೂರಿಸಿದ್ದಾರೆ. ಇಪ್ಪತ್ತರಲ್ಲಿ ಹತ್ತು ಅಂಕ ಹೀಗೆ ಮನೆಗೆ ಹೋಯ್ತು. ಮಗು ಏನು ನೋಡ್ತು, ಏನು ಅಳೀತು, ಏನು ಅರ್ಥ ಮಾಡ್ಕೊಳ್ತು ಅನ್ನೋದಕ್ಕೆ ಉಳಿದಿದ್ದು ‘ವಿಷಯ’ ಅನ್ನೋ ಒಂದೇ ಸಾಲು. ಅದೂ ಪುಸ್ತಕದ ವ್ಯಾಖ್ಯೆ ಹುಡುಕುತ್ತೆ.

ಇನ್ನು ಸಹಕಾರ. ಎಲ್ಲಕ್ಕಿಂತ ಮೋಸದ ಸಾಲು ಇದು. ಗುಂಪಿನಲ್ಲಿ ಜಗಳ ಆಗಲಿಲ್ಲ ಅಂದ್ರೆ ಸಹಕಾರ ಇತ್ತು ಅಂತ ಲೆಕ್ಕ. ಈಗ ನೋಡಿ, ಆ ಗುಂಪಿನಲ್ಲಿ ಕೆಲಸ ಹೇಗೆ ಹಂಚಿಕೆ ಆಯ್ತು? ‘ನಿಮ್ಮಮ್ಮ ಕಸದ ಆಟೋದಲ್ಲಿ ಹೋಗ್ತಾರಲ್ಲ, ನೀನೇ ತೂಗ್ಕೊಂಡು ಬಾ. ನನ್ನ ಅಕ್ಷರ ದುಂಡಗಿದೆ, ನಾನು ಬರೀತೀನಿ.’ ಯಾರೂ ಜಗಳ ಆಡಲಿಲ್ಲ. ಸಾವಿರಾರು ವರ್ಷದಿಂದ ನಡೀತಾ ಬಂದಿರೋ ಹಂಚಿಕೆ ಅಲ್ವಾ, ಜಗಳ ಯಾಕೆ ಆಗುತ್ತೆ? ಆ ಹುಡುಗಿ ‘ನಾಳೆ ನೀನೂ ಬಾ, ನೀನೂ ಚೀಲ ಎತ್ತು’ ಅಂದಿದ್ರೆ ಗಲಾಟೆ ಆಗ್ತಿತ್ತು, ಸಹಕಾರದ ಅಂಕ ನಾಲ್ಕರಿಂದ ಎರಡಕ್ಕೆ ಇಳೀತಿತ್ತು. ಅಂದ್ರೆ ಜಾತಿ ಹಂಚಿಕೆಗೆ ತಲೆಬಾಗಿದ್ರೆ ಅಂಕ, ಪ್ರಶ್ನೆ ಮಾಡಿದ್ರೆ ದಂಡ. ಹಾಳೆ ಬರೆದವರಿಗೆ ಇದು ಹೊಳೆದೇ ಇರಲಿಕ್ಕಿಲ್ಲ. ಹೊಳೀದೇ ಇದ್ದದ್ದೇ ನಮ್ಮ ತಕರಾರು.

ಶಿಕ್ಷಣ ಹಕ್ಕು ಕಾಯ್ದೆ, 2009ರ 29ನೇ ಕಲಂ ಓದಿ. ಪಠ್ಯಕ್ರಮ, ಮೌಲ್ಯಮಾಪನ ಎರಡೂ ಸಂವಿಧಾನದ ಮೌಲ್ಯಗಳಿಗೆ ಹೊಂದಿರಬೇಕು ಅನ್ನುತ್ತೆ. ಮಗುವಿನ ಅರಿವನ್ನೂ, ಅದನ್ನ ಬಳಸೋ ಶಕ್ತಿಯನ್ನೂ ನಿರಂತರವಾಗಿ, ವ್ಯಾಪಕವಾಗಿ ಅಳೀಬೇಕು ಅನ್ನುತ್ತೆ. ಥರ್ಮಾಕೋಲ್ ಅಳೀರಿ ಅಂತ ಎಲ್ಲೂ ಬರೆದಿಲ್ಲ. ಎನ್‌ಸಿಇಆರ್‌ಟಿಯ ಐದನೇ ಕ್ಲಾಸಿನ ‘ಲುಕಿಂಗ್ ಅರೌಂಡ್’ ಪುಸ್ತಕದಲ್ಲಿ ಈ ಕೆಲಸ ಯಾರು ಮಾಡ್ಬೇಕು ಅಂತ ಕೇಳೋ ಒಂದು ಪಾಠವೇ ಇತ್ತು, ಕಸ ಬಳಿಯೋ ಕೆಲಸದ ಬಗ್ಗೆ. ಪಾಠದಲ್ಲಿ ಪ್ರಶ್ನೆ ಕೇಳಿ, ಅಂಕದ ಹಾಳೆಯಲ್ಲಿ ಅದೇ ಪ್ರಶ್ನೆ ಮರೆತ್ರೆ ಮಗು ಯಾವುದನ್ನ ಕಲಿಯುತ್ತೆ? ಅಂಕ ಯಾವ ಕಡೆ ಇದೆಯೋ ಅದನ್ನ.

ಬರೀ ಬೈದು ಹೋಗಲ್ಲ. ಹಾಳೆ ಹೇಗಿರಬೇಕು ಅಂತಾನೂ ಹೇಳ್ತೀನಿ. ಅದೇ 20 ಅಂಕ, ಅದೇ ನಾಲ್ಕು ಸಾಲು. ಪ್ರತಿ ಸಾಲಿಗೂ 1ರಿಂದ 4ರ ತನಕ ಮಟ್ಟ. ಮಟ್ಟದ ವಿವರಣೆಯಲ್ಲಿ ‘ಚೆನ್ನಾಗಿದೆ’ ಅನ್ನೋ ಪದ ಬರಕೂಡದು. ಕಣ್ಣಿಗೆ ಕಾಣೋದು, ಕಿವಿಗೆ ಕೇಳೋದು ಮಾತ್ರ ಬರಬೇಕು.

ಒಂದನೇ ಸಾಲು, ನೋಡಿದ್ದು ಮತ್ತು ಅಳೆದಿದ್ದು. ಇಡೀ ಗುಂಪಿಗೆ, 4 ಅಂಕ. ಪುಸ್ತಕದಿಂದಲೋ ಮೊಬೈಲಿನಿಂದಲೋ ಇಳಿಸಿಕೊಂಡಿದ್ದು ಮಾತ್ರ ಇದ್ರೆ 1. ತಾವೇ ಹೋಗಿ ನೋಡಿದ್ದಾರೆ, ಆದ್ರೆ ದಿನಾಂಕ ಇಲ್ಲ, ಲೆಕ್ಕ ಇಲ್ಲ ಅಂದ್ರೆ 2. ಎಲ್ಲಿ, ಯಾವತ್ತು, ಎಷ್ಟು ಅಂತ ಅಳೆದು ಬರೆದಿದ್ದರೆ 3. ಅಳೆದದ್ದರಲ್ಲಿ ವಿಚಿತ್ರವಾಗಿ ಕಾಣೋ ಅಂಕಿಯನ್ನ ತಾವೇ ಗುರುತಿಸಿ ಕಾರಣ ಹೇಳಿದ್ರೆ 4.

ಎರಡನೇ ಸಾಲು, ಲೆಕ್ಕದಿಂದ ಬಂದ ತೀರ್ಮಾನ. ಇದೂ ಗುಂಪಿಗೆ, 4 ಅಂಕ. ಬರೀ ಘೋಷಣೆ ಇದ್ರೆ 1. ವಿಷಯಕ್ಕೆ ಸಂಬಂಧ ಇದೆ, ಆದ್ರೆ ತಮ್ಮ ಲೆಕ್ಕಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂದ್ರೆ 2. ತಮ್ಮ ಅಂಕಿಯಿಂದಲೇ ತೀರ್ಮಾನ ತೆಗೆದಿದ್ರೆ 3. ಅದರ ಜೊತೆಗೆ ‘ನಮ್ಮ ಲೆಕ್ಕ ಇಷ್ಟಕ್ಕೆ ಮಾತ್ರ ಅನ್ವಯ, ಯಾರು ಏನು ಬದಲಾಯಿಸ್ಬೇಕು’ ಅಂತಲೂ ಹೇಳಿದ್ರೆ 4.

ಮೂರನೇ ಸಾಲು, ಕೆಲಸದ ಹಂಚಿಕೆ. ಗುಂಪಿಗೆ, 4 ಅಂಕ. ಇದನ್ನ ಮೇಷ್ಟ್ರು ಊಹೆ ಮಾಡಕೂಡದು. ಗುಂಪಿಗೊಂದು ನೋಟ್‌ಬುಕ್ ಇರಬೇಕು. ದಿನಕ್ಕೊಂದು ಸಾಲು: ಯಾರು, ಯಾವ ಕೆಲಸ, ಎಷ್ಟು ಹೊತ್ತು. ಒಬ್ಬಿಬ್ಬರೇ ಎಲ್ಲಾ ಮಾಡಿದ್ರೆ ಅಥವಾ ದಾಖಲೆಯೇ ಇಲ್ಲದಿದ್ರೆ 1. ಎಲ್ಲರೂ ಮಾಡಿದ್ದಾರೆ, ಆದ್ರೆ ಒಬ್ಬರಿಗೆ ಕೊನೇ ತನಕ ಒಂದೇ ಕೆಲಸ ಅಂದ್ರೆ 2. ಪ್ರತಿಯೊಬ್ಬರೂ ಕಡಿಮೆ ಅಂದ್ರೆ ಎರಡು ಥರದ ಕೆಲಸ ಮಾಡಿದ್ರೆ 3. ಎಲ್ಲರೂ ಹಿಂಜರಿಯೋ ಕೆಲಸವನ್ನೂ, ಎಲ್ಲರ ಮುಂದೆ ನಿಂತು ಮಾತಾಡೋ ಕೆಲಸವನ್ನೂ ಸರದಿ ಮೇಲೆ ಮಾಡಿದ್ರೆ 4. ‘ಸಹಕಾರ’ ಅನ್ನೋ ಪದವನ್ನೇ ಹಾಳೆಯಿಂದ ಕಿತ್ತುಹಾಕಿ.

ನಾಲ್ಕನೇ ಸಾಲು, ಪ್ರಶ್ನೆಗೆ ಉತ್ತರ. ಇದು ಒಬ್ಬೊಬ್ಬರಿಗೇ ಬೇರೆ ಬೇರೆ. ಬಂದ ಮಟ್ಟವನ್ನ ಎರಡರಿಂದ ಗುಣಿಸಿದ್ರೆ 8 ಅಂಕ. ‘ನೀನು ಏನು ಮಾಡ್ದೆ? ಈ ಅಂಕಿ ಯಾಕೆ ಹಿಂಗಿದೆ? ಇನ್ನೊಂದು ವಾರ ಮಾಡಿದ್ರೆ ಏನು ಬದಲಾಯಿಸ್ತೀಯ?’ ಈ ಥರದ ಪ್ರಶ್ನೆ. ತಾನು ಮಾಡಿದ್ದನ್ನೇ ಹೇಳಲಾಗದಿದ್ರೆ 1. ತಾನು ಮಾಡಿದ್ದು ಮಾತ್ರ ಗೊತ್ತಿದ್ರೆ 2. ಗುಂಪಿನ ಇಡೀ ಕೆಲಸ ಗೊತ್ತಿದ್ರೆ 3. ಯಾಕೆ ಹಾಗಾಯ್ತು ಅಂತ ಕಾರಣವನ್ನೂ ಹೇಳಿದ್ರೆ 4. ಉತ್ತರ ಯಾವ ಮಾತಲ್ಲಾದ್ರೂ ಇರಲಿ, ಮನೆಮಾತು, ಉರ್ದು, ಲಂಬಾಣಿ, ಬೇಕಾದ್ರೆ ಬೋರ್ಡ್ ಮೇಲೆ ಚಿತ್ರ ಬರೆದು ತೋರಿಸಲಿ. ಮೇಷ್ಟ್ರಿಗೆ ಆ ಭಾಷೆ ಬರದಿದ್ರೆ ಜೊತೆಯ ಮಗು ತಿಳಿಸಿ ಹೇಳಲಿ.

ಈಗ ಅದೇ ಎರಡು ಗುಂಪನ್ನ ಈ ಹಾಳೆಯಲ್ಲಿ ಇಟ್ಟು ನೋಡೋಣ.

ಭಾನುವಾರ ಸೊನ್ನೆ, ಸೋಮವಾರ 23. ಕೇಳೋ ಮೇಷ್ಟ್ರಿದ್ರೆ ಇಲ್ಲೇ ಗೊತ್ತಾಗುತ್ತೆ ಯಾರು ತೂಗಿದ್ದು, ಯಾರು ನಕಲು ಮಾಡಿದ್ದು ಅಂತ. ಹುಡುಗಿ ಹೇಳ್ತಾಳೆ: ‘ಭಾನುವಾರ ಆಟೋ ಬರಲ್ಲ ಸಾರ್. ಜನ ಕಸ ಹಾಕಲ್ಲ ಅಂತ ಅಲ್ಲ, ಮನೇಲೇ ಇಟ್ಕೊಂಡಿರ್ತಾರೆ. ಸೋಮವಾರ ಎರಡು ದಿನದ್ದು ಒಟ್ಟಿಗೆ ಬರ್ತದೆ. ಅವತ್ತು ಅಮ್ಮ ಬರೋದು ಲೇಟು.’ ಒಂದನೇ ಸಾಲಿನಲ್ಲಿ 4. ಅವಳ ಸ್ವಂತ ಉತ್ತರಕ್ಕೂ ಮಟ್ಟ 4, ಅಂದ್ರೆ 8 ಅಂಕ.

ಎರಡನೇ ಸಾಲಿನಲ್ಲಿ ಈ ಗುಂಪಿಗೆ ಪೂರ್ತಿ ಸಿಗಲ್ಲ, ಸಿಗಲೂಬಾರದು. ಬೇರ್ಪಡಿಸಿ ಕೊಟ್ಟ ಮೂರು ಮನೆಯ ಕಸ ವಾರಕ್ಕೆ 25 ಕೆ.ಜಿ., ಅದರಲ್ಲಿ 16 ಹಸಿ. ಇದರ ಮೇಲೆ ‘ಊರಿನ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸ’ ಅಂತ ಬರೆದುಬಿಟ್ಟಿದ್ದಾರೆ. ಮೂರು ಮನೆ ಊರಲ್ಲ. ಉಳಿದ ಏಳು ಮನೆಯ 59 ಕೆ.ಜಿ.ಯಲ್ಲಿ ಎಷ್ಟು ಹಸಿ ಅಂತ ಇವರು ಅಳೆದೇ ಇಲ್ಲ, ಚೀಲ ಬಿಚ್ಚಲಿಲ್ಲ, ಬಿಚ್ಚದೇ ಇದ್ದದ್ದು ಸರಿಯೇ. ಆದ್ರೆ ಆ ಮಿತಿಯನ್ನ ಹೇಳ್ಬೇಕಿತ್ತು. ಮಟ್ಟ 3.

ಮೂರನೇ ಸಾಲಿನಲ್ಲಿ 2. ತೂಗಿದ್ದೆಲ್ಲ ಆ ಇಬ್ಬರೇ, ಬರೆದಿದ್ದೆಲ್ಲ ಉಳಿದ ಮೂವರೇ. ಹೀಗೆ ಹುಡುಗಿಗೆ 4, 3, 2, 8, ಒಟ್ಟು 17. ಅದೇ ಗುಂಪಿನಲ್ಲಿ ದುಂಡಗೆ ಬರೆದ ಹುಡುಗನಿಗೆ ಸೋಮವಾರದ 23 ಯಾಕೆ ಅಂತ ಗೊತ್ತಿಲ್ಲ, ತಾನು ಬರೆದದ್ದು ಮಾತ್ರ ಗೊತ್ತು. ಮಟ್ಟ 2, ಅಂದ್ರೆ 4 ಅಂಕ. ಒಟ್ಟು 13. ಥರ್ಮಾಕೋಲ್ ಗುಂಪಿನಲ್ಲಿ ನಿರರ್ಗಳ ಮಾತಾಡಿದ ಹುಡುಗನಿಗೆ ಅಳತೆಗೆ 1, ತೀರ್ಮಾನಕ್ಕೆ 1, ಹಂಚಿಕೆಗೆ 2, ಉತ್ತರಕ್ಕೆ 4. ಒಟ್ಟು 8. ಮಕ್ಕಳು ಅವರೇ, ಕೆಲಸ ಅದೇ. ಹಾಳೆ ಬದಲಾಯ್ತು, 19 ಹೋಗಿ 8 ಆಯ್ತು, 11 ಹೋಗಿ 17 ಆಯ್ತು.

‘ಹಂಚಿಕೆಯಲ್ಲಿ ಅನ್ಯಾಯ ಆಗಿದ್ದು ಆ ಹುಡುಗಿಗೆ, ಅವಳ ಅಂಕವನ್ನೂ ಯಾಕೆ ಕಡಿತೀರಿ?’ ಅಂತ ನೀವು ಕೇಳ್ಬಹುದು. ಸರಿಯಾದ ಪ್ರಶ್ನೆ. ಅದಕ್ಕೇ ಆ ನೋಟ್‌ಬುಕ್ಕನ್ನ ಮೇಷ್ಟ್ರು ಕೊನೇ ದಿನ ನೋಡಿದ್ರೆ ಸಾಲದು. ಮೂರನೇ ದಿನಕ್ಕೇ ತೆಗೆದು ನೋಡಿ, ‘ತೂಗೋರು ಇವರಿಬ್ಬರೇ ಯಾಕೆ? ನಾಳೆಯಿಂದ ಉಳಿದವರು ಹೋಗ್ಲಿ’ ಅಂತ ಹೇಳಬೇಕು. ಹೇಳಿದ ಮೇಲೂ ಬದಲಾಗದಿದ್ರೆ ಹಂಚಿಕೆಯ ಅಂಕವನ್ನ ಹೋಗದೇ ಇದ್ದವರಿಗೆ ಮಾತ್ರ ಕಡೀಬೇಕು. ಈ ಮಾತನ್ನ ಹಾಳೆಯಲ್ಲೇ ಬರೆದಿಡಬೇಕು. ಮೊದಲ ದಿನವೇ ಮಕ್ಕಳಿಗೆ ಹಾಳೆ ಓದಿ ಹೇಳಬೇಕು. ತನ್ನನ್ನ ಯಾವುದರ ಮೇಲೆ ಅಳೀತಾರೆ ಅಂತ ಮಗುವಿಗೆ ಮೊದಲೇ ಗೊತ್ತಿಲ್ಲದ ರೂಬ್ರಿಕ್ಸು ರೂಬ್ರಿಕ್ಸೇ ಅಲ್ಲ.

ಎಲ್ಲರೂ ಸರದಿ ಮೇಲೆ ಕಸ ತೂಗಲಿ ಅಂದಾಗ ಒಂದು ಎಚ್ಚರ. ಮಕ್ಕಳ ಕೈಲಿ ಚೀಲ ಬಿಚ್ಚಿಸಬೇಡಿ. 2016ರ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಮನೆಯ ಅಪಾಯಕಾರಿ ಕಸ ಅಂತ ಮೂರು ಭಾಗ ಮಾಡಿ ಕೊಡಿ ಅಂದವು. ಮಾಡೋದು ಮನೆಯವರ ಕೆಲಸ. ಬೆರೆಸಿ ಕೊಟ್ಟ ಚೀಲದಲ್ಲಿ ಸೂಜಿ, ಬ್ಲೇಡು, ಪ್ಯಾಡು ಏನೂ ಇರಬಹುದು. ಕೈಗವಸು ಹಾಕ್ಕೊಂಡು, ಮುಚ್ಚಿದ ಚೀಲ ತೂಗಿದ್ರೆ ಸಾಕು. ಏಳು ಮನೆಯವರು ಬೆರೆಸಿದ್ದನ್ನ ಆಮೇಲೆ ಯಾರು ಬೇರೆ ಮಾಡ್ತಾರೆ ಅನ್ನೋ ಪ್ರಶ್ನೆ ಮಕ್ಕಳ ಬಾಯಿಂದ ಬಂದ್ರೆ, ಆ ಹುಡುಗಿಯ ಅಮ್ಮನ ಬರಿಗೈ ಕ್ಲಾಸಿನ ಮುಂದೆ ಬಂದು ನಿಂತಂಗೆ. ಎರಡನೇ ಸಾಲಿನ ನಾಲ್ಕನೇ ಮಟ್ಟ ಕೇಳೋದು ಇದನ್ನೇ.

ಇನ್ನು ಮೇಷ್ಟ್ರುಗಳ ತಕರಾರು. ‘ಇಷ್ಟೆಲ್ಲಾ ಮಾಡೋಕೆ ಟೈಮ್ ಎಲ್ಲಿದೆ?’ ಲೆಕ್ಕ ಹಾಕಿ ಸಾರ್. 40 ಮಕ್ಕಳು, ಎಂಟು ಗುಂಪು. ಗುಂಪಿಗೆ ಐದು ನಿಮಿಷ ಮಂಡನೆ, ಮಗುವಿಗೆ ಒಂದು ನಿಮಿಷದಂತೆ ಐದು ನಿಮಿಷ ಪ್ರಶ್ನೆ. ಎಂಬತ್ತು ನಿಮಿಷ, ಎರಡು ಪಿರಿಯಡ್. ಮಕ್ಕಳು ಎದ್ದು ಕೂರೋದಕ್ಕೆ ಇನ್ನರ್ಧ ಪಿರಿಯಡ್ ಸೇರಿಸ್ಕೊಳ್ಳಿ. ಈಗಲೂ ಅಷ್ಟೇ ಹೊತ್ತು ಚಾರ್ಟ್ ನೋಡ್ತಾ ಕೂರ್ತೀರಲ್ಲ? ಆದ್ರೆ 70 ಮಕ್ಕಳ ಕ್ಲಾಸಿಗೆ ಇದು ಎರಡು ಪಿರಿಯಡ್‌ನಲ್ಲಿ ಆಗಲ್ಲ, ಅದು ನಿಜ. ಅಲ್ಲಿ ವಾರಕ್ಕೆರಡು ಗುಂಪಿನಂತೆ ಮಾಡಬೇಕಾಗುತ್ತೆ.

‘ಮಾತಾಡೋ ಕಲೆ ಮಕ್ಕಳಿಗೆ ಬೇಡವಾ?’ ಬೇಕು. ಕನ್ನಡ ಪಿರಿಯಡ್‌ನಲ್ಲಿ ಕಲಿಸಿ, ಅಲ್ಲಿ ಅಂಕ ಕೊಡಿ. ಕಲಿಸದೇ ಇದ್ದದ್ದಕ್ಕೆ ಅಂಕ ಹಾಕಿದ್ರೆ, ಯಾರ ಮನೆಯಲ್ಲಿ ಮೊದಲೇ ಕಲಿಸಿದ್ದಾರೋ ಅವರಿಗೆ ಬಹುಮಾನ ಕೊಟ್ಟಂಗೆ ಅಷ್ಟೇ.

‘ಮಕ್ಕಳೇ ಒಬ್ಬರಿಗೊಬ್ಬರು ಅಂಕ ಹಾಕ್ಕೊಳ್ಳಲಿ, ಅದೇ ಪ್ರಜಾಪ್ರಭುತ್ವ’ ಅಂತ ಕೆಲವು ಟ್ರೈನಿಂಗ್‌ನಲ್ಲಿ ಹೇಳಿಕೊಡ್ತಾರೆ. ಬಿಸಿಯೂಟಕ್ಕೆ ಪಕ್ಕದಲ್ಲಿ ಕೂರದ ಮಕ್ಕಳು ಇರೋ ಕ್ಲಾಸಲ್ಲಿ ಆ ಅಂಕ ಏನು ಹೇಳುತ್ತೆ ಅಂತ ನಾನು ವಿವರಿಸ್ಬೇಕಾ? ಮಕ್ಕಳು ಒಬ್ಬರ ಕೆಲಸಕ್ಕೆ ಒಬ್ಬರು ಮಾತು ಹೇಳಲಿ, ಪ್ರಶ್ನೆ ಕೇಳಲಿ. ಅಂಕ ಬೇಡ. ಯಾರು ಏನು ಮಾಡಿದ್ರು ಅನ್ನೋದಕ್ಕೆ ಆ ದಿನದ ನೋಟ್‌ಬುಕ್ ಸಾಕ್ಷಿ ಇರಲಿ.

ಈ ಹೊಸ ಹಾಳೆಯೂ ಕೆಟ್ಟು ಹೋಗಬಹುದು. ಹೆಂಗೆ ಗೊತ್ತಾಗುತ್ತೆ? ಇಬ್ಬರು ಮೇಷ್ಟ್ರು ಒಂದೇ ಗುಂಪಿಗೆ ಬೇರೆ ಬೇರೆ ಕೂತು ಅಂಕ ಹಾಕಲಿ. ಯಾವ ಸಾಲಿನಲ್ಲಿ ಎರಡು ಮಟ್ಟದಷ್ಟು ವ್ಯತ್ಯಾಸ ಬರುತ್ತೋ ಆ ಸಾಲಿನ ಮಾತು ಇನ್ನೂ ಸಡಿಲ ಇದೆ ಅಂತ ಅರ್ಥ, ತಿದ್ದಿ ಬರೀಲಿ. ಇನ್ನೊಂದು, ವರ್ಷದ ಎಲ್ಲಾ ಪ್ರಾಜೆಕ್ಟಿನ ನೋಟ್‌ಬುಕ್ ಒಟ್ಟಿಗೆ ಹರಡಿ ನೋಡಲಿ. ನೀರು ಹೊತ್ತವರು, ಕಸ ತೂಗಿದವರು, ಚಾರ್ಟ್ ಬರೆದವರು, ಮೈಕ್ ಹಿಡಿದವರು, ವರ್ಷಪೂರ್ತಿ ಯಾರ್ಯಾರು? ಹೆಸರುಗಳು ಅವವೇ ಇದ್ರೆ ಶಾಲೆಯೊಳಗೆ ಕೇರಿ ಇನ್ನೂ ಹಂಗೇ ಇದೆ.

ಗೆಳೆಯರೇ, ಮಾಡ್ಬೇಕಾದ ಕೆಲಸ ಇಷ್ಟು. ನಿಮ್ಮ ಊರಿನ ಶಾಲೆಯ ಎಸ್‌ಡಿಎಂಸಿಯಲ್ಲಿ ಅರ್ಧಕ್ಕರ್ಧ ಜನಕ್ಕೆ ಈ ಹಾಳೆ ಅಂತ ಒಂದಿದೆ ಅನ್ನೋದೇ ಗೊತ್ತಿರಲ್ಲ. ಮುಂದಿನ ಸಭೆಯಲ್ಲಿ ಹೋಗಿ ಮರ್ಯಾದೆಯಿಂದ ಕೇಳಿ: ‘ಪ್ರಾಜೆಕ್ಟಿಗೆ ಅಂಕ ಹಾಕೋ ರೂಬ್ರಿಕ್ಸ್ ತೋರಿಸಿ ಮೇಡಂ.’ ತೋರಿಸಿದ್ರೆ ಮೂರು ವಿಷಯ ನೋಡಿ. ಚಾರ್ಟಿಗೆ, ಶುದ್ಧ ಮಾತಿಗೆ ಎಷ್ಟು ಅಂಕ? ಪ್ರತಿ ಮಗುವಿಗೂ ಪ್ರಶ್ನೆ ಕೇಳ್ತಾರಾ? ಯಾರು ಯಾವ ಕೆಲಸ ಮಾಡಿದ್ರು ಅಂತ ದಾಖಲೆ ಇದೆಯಾ? ಹಾಳೆಯ ಫೋಟೋ ತೆಗೆದು, ಮಕ್ಕಳ ಹೆಸರು ಮುಚ್ಚಿ, ಕಮೆಂಟಿನಲ್ಲಿ ಹಾಕಿ. ಒಂದೊಂದೇ ಕೂತು ತಿದ್ದೋಣ.

ಬಾಬಾಸಾಹೇಬರು ಶಿಕ್ಷಣ ಅಂದಾಗ ಶಾಲೆಯ ಬಾಗಿಲು ದಾಟೋದನ್ನ ಮಾತ್ರ ಹೇಳಲಿಲ್ಲ. ಬಾಗಿಲು ದಾಟಿದ್ದೀವಿ. ಒಳಗೆ ತಕ್ಕಡಿ ಯಾರ ಕೈಲಿದೆ, ಅದರ ಮುಳ್ಳು ಯಾವ ಕಡೆ ವಾಲಿದೆ ಅಂತ ನೋಡೋ ಸರದಿ ಈಗ ನಮ್ಮದು.

ಜೈಭೀಮ್.